ತೆಳ್ಳಗಿನ ಬಿಳಿ ಕೂದಲು, ಉರಿಯುವ ನೆತ್ತಿ: ನನಗೆ ಒಗ್ಗಿದ ಕಟಿಂಗ್

ಎಪ್ಪತ್ತು ದಾಟಿದವರು ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತರೆ ಸಾಮಾನ್ಯವಾಗಿ ಕೇಳುವ ಮಾತು ಒಂದೇ. "ಮಷಿನ್ ಹಾಕಿ ಪೂರ್ತಿ ಸಣ್ಣ ಮಾಡಿಬಿಡ್ಲಾ ಸಾರ್? ಆಮೇಲೆ ನಿಮಗೆ ರಗಳೆನೇ ಇರಲ್ಲ." ಕೂದಲು ದಟ್ಟವಾಗಿದ್ದು, ಚರ್ಮ ಗಟ್ಟಿಯಾಗಿದ್ದರೆ ಆ ಮಾತು ಸರಿ. ನನಗೆ ಎರಡೂ ಇಲ್ಲ. ಹಾಗಾಗಿ ರಗಳೆ ಇಲ್ಲದ ಕಟಿಂಗ್ ಅಂದರೆ ನನ್ನಂಥವರಿಗೆ ಏನು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನಗೀಗ 74. ಸೋಮವಾರಪೇಟೆ ಕಡೆಯವನು. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದೆ, ಈಗ ಇರುವ ಚೂರು ಕಾಫಿ ತೋಟ ನೋಡಿಕೊಂಡಿದ್ದೇನೆ. ತಲೆಯ ಎರಡು ಪಕ್ಕ ಮತ್ತು ಹಿಂದೆ ಕೂದಲು ಪರವಾಗಿಲ್ಲ. ಮುಂದೆ ಹಣೆ ಮೇಲಕ್ಕೆ ಹೋಗಿದೆ. ನೆತ್ತಿಯಲ್ಲಿ ಸುಳಿಯ ಸುತ್ತ ಕೂದಲಿನ ನಡುವೆ ಚರ್ಮ ಕಾಣುತ್ತದೆ. ಇರುವುದೆಲ್ಲ ಬೆಳ್ಳಗೆ, ನೂಲಿನಷ್ಟು ತೆಳು. ನಮ್ಮದು ಕಂದು ಚರ್ಮ ಅಲ್ವಾ, ಬಿಳಿ ಕೂದಲಿನ ನಡುವೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಇದರ ಜೊತೆಗೆ ನೆತ್ತಿ ಸೂಕ್ಷ್ಮ. ಬಾಚಣಿಗೆ ಜೋರಾಗಿ ಆಡಿಸಿದರೂ ಉರಿ.

ಹೋದ ಕಾಫಿ ಕೊಯ್ಲಿನ ಸಮಯದಲ್ಲಿ, ನೆಂಟರ ಮದುವೆಗೆ ಮೊದಲು ಪೇಟೆಯ ಒಂದು ಸಲೂನಿಗೆ ಹೋಗಿದ್ದೆ. ಅಂದು ತುಂಬಾ ಜನ ಇದ್ದರು. ನನಗಿಂತ ಮೊದಲು ಮೂರ್ನಾಲ್ಕು ಹುಡುಗರಿಗೆ ಓಡಿಸಿದ ಮಷಿನನ್ನೇ ನನ್ನ ತಲೆಗೂ ಇಟ್ಟರು. ಬ್ಲೇಡು ಬಿಸಿಯಾಗಿತ್ತು. ಮೇಲೆ ಪ್ಲಾಸ್ಟಿಕ್ ಗಾರ್ಡ್ ಹಾಕಿರಲಿಲ್ಲ. ಹಿಂದಿನಿಂದ ಮೇಲಕ್ಕೆ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಎಳೆದರು. ಕೊನೆಗೆ ಹೆಡತಲೆಯ ಕೆಳಗೆ ನೀರು ಹಚ್ಚಿ ಬ್ಲೇಡಿನಲ್ಲಿ ಗೆರೆ ತೆಗೆದು, ಮೇಲೆ ಲೋಷನ್ ಸವರಿದರು. ಲೋಷನ್ ಬಿದ್ದ ಕೂಡಲೇ ಕಣ್ಣಲ್ಲಿ ನೀರು ಬಂತು.

ನಾನು ಹೃದಯಕ್ಕಾಗಿ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಕುತ್ತಿಗೆಯಲ್ಲಿ ಆದ ಸಣ್ಣ ಗೀರಿನಿಂದ ಮನೆ ಮುಟ್ಟುವವರೆಗೂ ರಕ್ತ ಜಿನುಗುತ್ತಿತ್ತು. ಎರಡು ಮೂರು ದಿನಕ್ಕೆ ಅಲ್ಲೆಲ್ಲ ಕೆಂಪು ಗುಳ್ಳೆ ಎದ್ದವು. ಅದೇ ಬೋಳು ತಲೆಯಲ್ಲಿ ಕಣದಲ್ಲಿ ನಿಂತು ಕಾಫಿ ಹರಡಿಸಿದ್ದರಿಂದ ನೆತ್ತಿಯ ಚರ್ಮ ಸುಲಿಯಿತು. ನಮ್ಮೂರಿನಲ್ಲಿ ಜನವರಿ ಬಿಸಿಲು ಮೈಗೆ ಹಿತವಾಗಿಯೇ ಇರುತ್ತದೆ. ಆದರೆ ಗಾಳಿ ತಣ್ಣಗಿದೆ ಅಂತ ಬಿಸಿಲು ಚರ್ಮವನ್ನು ಸುಡದೆ ಬಿಡುವುದಿಲ್ಲ. ಎತ್ತರದ ಜಾಗದಲ್ಲಿ ಚರ್ಮ ಸುಡುವ ಕಿರಣಗಳು ಬಯಲುಸೀಮೆಗಿಂತ ಸ್ವಲ್ಪ ಜಾಸ್ತಿಯೇ ಇರುತ್ತವೆ.

ಮತ್ತೆ ಕೂದಲು ಬೆಳೆಯುವವರೆಗೆ ಕಾಯುವಾಗ ಮಗಳು ಒತ್ತಾಯ ಮಾಡಿ ಮಡಿಕೇರಿಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮುಂದಿನ ಕಟಿಂಗ್ ಸರಿಹೋಗಿದ್ದಕ್ಕೆ ಅರ್ಧ ಕಾರಣ ಈ ಭೇಟಿ.

ಡಾಕ್ಟರು ತಲೆ ಮುಟ್ಟುವ ಮೊದಲು ಕೇಳಿದ್ದು ಬೇರೆಯೇ ಪ್ರಶ್ನೆಗಳನ್ನು. ನೋವು ಕಣತಲೆಯ ಹತ್ತಿರ ಜಾಸ್ತಿಯಾ? ಇತ್ತೀಚೆಗೆ ಹೊಸದಾಗಿ ತಲೆನೋವು ಶುರುವಾಗಿದೆಯಾ? ಊಟ ಮಾಡುವಾಗ ಅಗಿದು ಅಗಿದು ದವಡೆ ನೋಯುತ್ತಾ? ಕಣ್ಣು ಮಂಜಾಗುತ್ತಾ? ನಾನು ಇಲ್ಲ ಅಂದ ಮೇಲೆ ಕಾರಣ ಹೇಳಿದರು. ವಯಸ್ಸಾದವರಲ್ಲಿ ಕಣತಲೆಯ ರಕ್ತನಾಳ ಊದಿಕೊಳ್ಳುವ ಒಂದು ಕಾಯಿಲೆ ಇದೆ. ಅದರಲ್ಲಿ ಬಾಚಿದರೂ ನೆತ್ತಿ ನೋಯುತ್ತದೆ, ಚಿಕಿತ್ಸೆ ತಡವಾದರೆ ಕಣ್ಣೇ ಹೋಗಬಹುದು. ಆ ಲಕ್ಷಣ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಲೆ ಮುಟ್ಟಿದರೆ ನೋವು ಅನ್ನುವುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ನಿದ್ದುಬಿಡುತ್ತೇವೆ. ಅದಕ್ಕೇ ಇದನ್ನು ಇಲ್ಲಿ ಬರೆದೆ.

ನನಗಿದ್ದದ್ದು ಅದಲ್ಲ. ಹುಬ್ಬಿನಲ್ಲಿ, ಕಿವಿಯ ಹಿಂದೆ, ನೆತ್ತಿಯಲ್ಲಿ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು, ಅದರ ಕೆಳಗೆ ಕೆಂಪು. ಚರ್ಮದ ಮೇಲೆ ಸಹಜವಾಗಿಯೇ ಇರುವ ಒಂದು ಬಗೆಯ ಯೀಸ್ಟ್ ಇದಕ್ಕೆ ಕಾರಣ ಎಂದರು. ಮಳೆಗಾಲ ಪೂರ್ತಿ ಒದ್ದೆ ಉಣ್ಣೆ ಟೋಪಿಯಲ್ಲಿ ತಲೆ ಮುಚ್ಚಿಟ್ಟದ್ದೂ, ದಿನಾ ಕೊಬ್ಬರಿ ಎಣ್ಣೆ ತಟ್ಟಿದ್ದೂ ಅದಕ್ಕೆ ಅನುಕೂಲವಾಗಿತ್ತು. ಕೀಟೊಕೊನಜೋಲ್ 2% ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡುವುದಿಲ್ಲ. ಕೆಂಪು ಇಳಿಯುವವರೆಗೆ ಕಟಿಂಗ್ ಬೇಡ ಅಂದರು. ಅಷ್ಟರಲ್ಲಿ ಬೋಳಿಸಿ ಕೆಲವು ತಿಂಗಳಾಗಿ ಕೂದಲೂ ಬೆಳೆದಿತ್ತು.

ಎಣ್ಣೆ ಬಿಟ್ಟಾಗ ಇನ್ನೊಂದು ಗೊತ್ತಾಯಿತು. ತೆಳು ಕೂದಲಿಗೆ ಎಣ್ಣೆ ಹಚ್ಚಿದರೆ ಹತ್ತು ಎಳೆ ಸೇರಿ ಒಂದಾಗುತ್ತದೆ, ನಡುವಿನ ಚರ್ಮ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಒಣಗಿದ ಕೂದಲು ಬಿಡಿಬಿಡಿಯಾಗಿ ನಿಂತು, ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಈ ಸಲ ನಮ್ಮ ಊರಿನ ಹಳೇ ಕಟಿಂಗ್ ಶಾಪಿಗೆ ಹೋದೆ. ತಂದೆಯ ಕಾಲದಿಂದ ನಡೆಸುತ್ತಿರುವ ಅಂಗಡಿ, ಈಗ ಮಗ ನೋಡಿಕೊಳ್ಳುತ್ತಾನೆ. ಸೋಮವಾರ ಸಂತೆ, ಅಂದು ಹೋದರೆ ಅವಸರ. ಮಂಗಳವಾರ ರಜೆ. ಭಾನುವಾರದ ಮಾತೇ ಬೇಡ. ಮೊದಲೇ ಹೇಳಿಟ್ಟು ಬುಧವಾರ ಮಧ್ಯಾಹ್ನ ಹೋದೆ. ಕತ್ತರಿ ಕೆಲಸಕ್ಕೆ ಅರ್ಧ ಗಂಟೆಗೂ ಮೇಲೆ ಬೇಕು. ಹಿಂದೆ ಆರು ಜನ ಕಾಯುತ್ತಿದ್ದರೆ ಯಾರಾದರೂ ಮಷಿನನ್ನೇ ಎತ್ತಿಕೊಳ್ಳುತ್ತಾರೆ, ಅದು ಸಹಜ.

ಕೂರುವ ಮೊದಲೇ ಎಲ್ಲ ಹೇಳಿದೆ. ನೆತ್ತಿ ಸೂಕ್ಷ್ಮ, ರಕ್ತದ ಮಾತ್ರೆ ಇದೆ, ಬ್ಲೇಡ್ ಬೇಡ, ಲೋಷನ್ ಬೇಡ, ತಲೆ ಮಸಾಜ್ ಬೇಡ, ಕುತ್ತಿಗೆ ಲಟಿಕೆ ತೆಗೆಯುವುದಂತೂ ಬೇಡವೇ ಬೇಡ. ಈ ಕೊನೆಯದನ್ನು ವಯಸ್ಸಾದವರು ಗಟ್ಟಿಯಾಗಿ ಹೇಳಬೇಕು. ಕುತ್ತಿಗೆಯನ್ನು ಥಟ್ಟನೆ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಲಕ್ವ ಹೊಡೆದ ಉದಾಹರಣೆಗಳನ್ನು ವೈದ್ಯರು ದಾಖಲಿಸಿದ್ದಾರೆ.

"ಹಾಗಾದ್ರೆ ಅಪ್ಪನ ತರ ಕತ್ತರೀಲೇ ಮಾಡ್ತೀನಿ ಮೇಷ್ಟ್ರೇ," ಅಂದ.

ಅವನು ಮೊದಲು ಮಾಡಿದ್ದು ನೋಡುವ ಕೆಲಸ. ಕಿಟಕಿ ಬೆಳಕಿಗೆ ಕುರ್ಚಿ ತಿರುಗಿಸಿ, ಒಣ ಕೂದಲನ್ನು ಬೆರಳಲ್ಲೇ ಸರಿಸುತ್ತಾ ಸುಳಿ ಯಾವ ಕಡೆ ತಿರುಗಿದೆ, ಎಲ್ಲಿ ತೆಳು, ಎಲ್ಲಿ ಹೊಟ್ಟು ಉಳಿದಿದೆ ಅಂತ ಗುರುತಿಸಿಕೊಂಡ. ಕಿವಿಯ ಮೇಲೊಂದು ಚಿಕ್ಕ ಮಚ್ಚೆ ಉಬ್ಬಿಕೊಂಡಿದೆ, ಅದಕ್ಕೆ ಬಾಚಣಿಗೆ ತಗಲದ ಹಾಗೆ ನೋಡಿಕೊಳ್ಳುತ್ತೇನೆ ಅಂದ. ಅದು ಅಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ನಮ್ಮ ನೆತ್ತಿ ನಮಗೆ ಕಾಣುವುದಿಲ್ಲ, ಕಾಣುವುದು ಕ್ಷೌರ ಮಾಡುವವರಿಗೆ. ಒಂದು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ಮರಳು ಕಾಗದದ ಹಾಗೆ ಒರಟಾದ ಕಲೆ, ಬೆಳೆಯುತ್ತಿರುವ ಮಚ್ಚೆ ಕಂಡರೆ ಹೇಳು ಅಂತ ಈಗ ಪ್ರತಿ ಸಲ ಕೇಳುತ್ತೇನೆ.

ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪವೇ ಸ್ಪ್ರೇ ಮಾಡಿದ. ತೆಳು ಕೂದಲನ್ನು ತೊಪ್ಪೆ ಮಾಡಿದರೆ ತಲೆಗೆ ಅಂಟಿಕೊಂಡು ಅಂದಾಜು ತಪ್ಪುತ್ತದೆ. ಒದ್ದೆಯಾದಾಗ ಉದ್ದ ಕಾಣುತ್ತದೆ, ಒಣಗಿದ ಮೇಲೆ ಎದ್ದು ನಿಂತು ಗಿಡ್ಡವಾಗುತ್ತದೆ. ಹಾಗಾಗಿ ತೇವ ಮಾತ್ರ ಸಾಕು.

ಪಕ್ಕದಿಂದ ಶುರು ಮಾಡಿದ. ಬಾಚಣಿಗೆಯನ್ನು ಕೂದಲೊಳಗೆ ತೂರಿಸಿ, ಹಲ್ಲಿನ ತುದಿ ಚರ್ಮಕ್ಕೆ ಚುಚ್ಚದ ಹಾಗೆ ಸ್ವಲ್ಪ ಹೊರಗೆ ವಾಲಿಸಿ, ಮೇಲಕ್ಕೆ ಜಾರಿಸುತ್ತಾ ಹೊರಗೆ ಬಂದಷ್ಟು ಕೂದಲನ್ನು ಕತ್ತರಿಸುತ್ತಾ ಹೋದ. ಕತ್ತರಿ ಬಾಚಣಿಗೆಯ ಮೇಲೆಯೇ ಓಡುತ್ತದೆ, ಚರ್ಮಕ್ಕೆ ತಗಲುವುದೇ ಇಲ್ಲ. ಪಕ್ಕದಲ್ಲೂ ಹಿಂದೆಯೂ ಸುಮಾರು 1 ಸೆಂಟಿಮೀಟರ್ ಉಳಿಸಿದ. ಮಷಿನ್ ಲೆಕ್ಕದಲ್ಲಿ ಇದು 3 ನಂಬರ್ ಗಾರ್ಡ್. ಕೆಳಗೆ ಹೋದ ಹಾಗೆ ಇನ್ನೂ ಸಣ್ಣ, ಆದರೆ ಎಲ್ಲೂ ಮೆಟ್ಟಿಲು ಇಲ್ಲ.

ಪಕ್ಕ ಸಣ್ಣದಾಗಿರಬೇಕು ಅನ್ನುವುದಕ್ಕೆ ಒಂದು ಕಾರಣ ಇದೆ. ನೆತ್ತಿಯಲ್ಲಿ ತೆಳು, ಪಕ್ಕದಲ್ಲಿ ದಟ್ಟ. ಪಕ್ಕದಲ್ಲಿ ಹಾಗೇ ಬಿಟ್ಟರೆ ಕಿವಿಯ ಮೇಲೆ ಉಬ್ಬಿ ನಿಂತು ನೆತ್ತಿ ಇನ್ನಷ್ಟು ಖಾಲಿ ಕಾಣುತ್ತದೆ. ಪಕ್ಕ ಇಳಿಸಿದಾಗ ಮೇಲಿರುವ ಸ್ವಲ್ಪ ಕೂದಲಿಗೂ ತೂಕ ಬರುತ್ತದೆ. ಹಾಗಂತ 1 ನಂಬರಿಗೆ, ಅಂದರೆ 3 ಮಿಲಿಮೀಟರಿಗೆ ಇಳಿಸಿದರೆ ಬಿಳಿ ಕೂದಲು ಮಾಯವಾಗಿ ಚರ್ಮವೇ ಕಾಣುತ್ತದೆ, ಎರಡು ವಾರದಲ್ಲಿ ಮತ್ತೆ ಕೆದರಿದಂತಾಗುತ್ತದೆ.

ಇನ್ನು ಮೇಲ್ಭಾಗ. ಎಡ ಪಕ್ಕದ ಕೂದಲನ್ನು ನಾನು ವರ್ಷಗಳಿಂದ ಉದ್ದ ಬಿಟ್ಟು ನೆತ್ತಿಯ ಮೇಲೆ ಅಡ್ಡ ಬಾಚುತ್ತಿದ್ದೆ. ಆ ಸಲೂನಿನಲ್ಲಿ ಬೋಳಿಸಿದ ಮೇಲೆ ಮತ್ತೆ ಬೆಳೆಸಬೇಕು ಅಂತಲೇ ಇದ್ದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಹೇಳಿದ. "ಮೇಷ್ಟ್ರೇ, ಉದ್ದ ಬಿಟ್ಟಷ್ಟೂ ಅದು ಎಳೆ ಎಳೆಯಾಗಿ ಬೇರೆಯಾಗುತ್ತೆ. ಗಾಳಿ ಬಂದ್ರೆ ಎದ್ದು ನಿಲ್ಲುತ್ತೆ. ಮೇಲೆ ಒಂದು ಇಂಚು ಸಾಕು. ಮೊದಲು ಒಂದು ಕಡೆ ತೆಗೀತೀನಿ, ನೋಡಿ, ಆಮೇಲೆ ಬೇಕಿದ್ರೆ ಇನ್ನೊಂದು ಕಡೆ." ಹಾಗೇ ಮಾಡಿದ. ಕತ್ತರಿಸಿದ ಬಲ ಭಾಗವನ್ನೂ ಉಳಿದ ಎಡ ಭಾಗವನ್ನೂ ಒಂದೇ ಬೆಳಕಿನಲ್ಲಿ ನೋಡಿದಾಗ ಅನುಮಾನ ಉಳಿಯಲಿಲ್ಲ. ಗಿಡ್ಡವಾದ ಕಡೆಯೇ ಜಾಸ್ತಿ ಕೂದಲಿದ್ದ ಹಾಗೆ ಇತ್ತು.

ಮೇಲಿನ ಕೂದಲನ್ನು ಎರಡು ಬೆರಳ ನಡುವೆ ಎತ್ತಿ ಹಿಡಿದು, ಚಿಕ್ಕ ಚಿಕ್ಕ ಭಾಗವಾಗಿ ತುದಿಯನ್ನು ನೇರವಾಗಿ ಕತ್ತರಿಸಿದ. ಬೆರಳ ದಪ್ಪವೇ ಅಳತೆ. ಹಲ್ಲಿನ ಕತ್ತರಿಯನ್ನು ಡ್ರಾಯರಿನಿಂದ ಹೊರಗೆ ತೆಗೆಯಲೇ ಇಲ್ಲ. ಅದು ದಟ್ಟ ಕೂದಲಿನ ಭಾರ ಇಳಿಸಲು ಇರುವ ಕತ್ತರಿ. ತೆಳು ಕೂದಲಿಗೆ ಹಾಕಿದರೆ ತುದಿಗಳು ಇನ್ನೂ ವಿರಳವಾಗಿ, ನೆತ್ತಿ ಇನ್ನೂ ಕಾಣುತ್ತದೆ. ನೇರ ತುದಿ ಇದ್ದರೆ ಕೂದಲು ಸ್ವಲ್ಪ ತುಂಬಿಕೊಂಡಂತೆ ಕಾಣುತ್ತದೆ. ಯಾರಾದರೂ "ಮೇಲೆ ಸ್ವಲ್ಪ ಲೈಟ್ ಮಾಡ್ಲಾ?" ಅಂದರೆ ನಮ್ಮಂಥವರು ಬೇಡ ಅನ್ನಬೇಕು.

ಸುಳಿಯ ಹತ್ತಿರ ಮಾತ್ರ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚು ಬಿಟ್ಟ. ಅಲ್ಲಿ ಕೂದಲು ಸುತ್ತಲೂ ತಿರುಗಿಕೊಂಡು ಬೆಳೆಯುತ್ತದೆ. ಉಳಿದ ಕಡೆಯಷ್ಟೇ ಗಿಡ್ಡ ಮಾಡಿದರೆ ಪೊರಕೆ ಕಡ್ಡಿಯ ಹಾಗೆ ನಿಂತು ಮಧ್ಯದ ಬೋಳು ಬಯಲಾಗುತ್ತದೆ. ಸ್ವಲ್ಪ ಉದ್ದ ಇದ್ದರೆ ಸುಳಿಯ ದಿಕ್ಕಿನಲ್ಲೇ ಮಲಗುತ್ತದೆ. ಮುಂದಿನ ಕೂದಲನ್ನು ಹಣೆಯ ಮೇಲೆ ನೇರ ಗೆರೆ ಮಾಡದೆ, ಬಲಕ್ಕೆ ಸ್ವಲ್ಪ ವಾಲುವ ಹಾಗೆ ಬಿಟ್ಟ.

ನಾನು ಹೆದರಿದ್ದು ಕುತ್ತಿಗೆಗೆ. ಅಲ್ಲಿ ಅವನು ಟ್ರಿಮ್ಮರ್ ತೆಗೆದ. ಮೊದಲು ಅದರ ಬ್ಲೇಡಿನಲ್ಲಿದ್ದ ಕೂದಲನ್ನು ಬ್ರಷ್‌ನಲ್ಲಿ ಕೊಡವಿ, ಬ್ಲೇಡನ್ನು ಲೋಷನ್ನಿನಿಂದ ಒರೆಸಿ ಒಣಗಿಸಿದ. ಎರಡು ಹನಿ ಮಷಿನ್ ಎಣ್ಣೆ ಬಿಟ್ಟು ಓಡಿಸಿ, ತನ್ನ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿದ. ತಣ್ಣಗಿದೆ ಅನಿಸಿದ ಮೇಲೆ ನನ್ನ ಕುತ್ತಿಗೆಗೆ ತಂದ. ಮೇಲಿನಿಂದ ಕೆಳಕ್ಕೆ, ಒತ್ತದೆ, ಗೆರೆಯಿಂದ ಹೊರಗೆ ಇಳಿದ ಕೂದಲನ್ನಷ್ಟೇ ತೆಗೆದ. ಬ್ಲೇಡಿನ ಗೆರೆ ನೋಡಲು ಅಂದವೇ. ಆದರೆ ಅದರ ಕೆಳಗೆ ವಾರದೊಳಗೆ ಮುಳ್ಳು ಮುಳ್ಳು ಕೂದಲು ಬಂದು ಕಟಿಂಗ್ ಹಳೆಯದಾದಂತೆ ಕಾಣುತ್ತದೆ. ಗೆರೆ ಇಲ್ಲದೆ ಸಣ್ಣದಾಗುತ್ತಾ ಮುಗಿದ ಕೂದಲು ಎಷ್ಟು ಬೆಳೆದರೂ ಯಾವಾಗ ಬೆಳೆಯಿತು ಅಂತ ಗೊತ್ತಾಗುವುದಿಲ್ಲ. ಸೂಕ್ಷ್ಮ ಚರ್ಮಕ್ಕೂ, ಪದೇ ಪದೇ ಅಂಗಡಿಗೆ ಹೋಗಲಾರದವರಿಗೂ ಇದೇ ಒಳ್ಳೆಯದು.

ಬ್ಲೇಡು ಮೊಂಡಾಗಿದ್ದರೆ ನಮಗೇ ತಿಳಿಯುತ್ತದೆ. ಕತ್ತರಿಸುವ ಮೊದಲು ಕೂದಲು ಒಂದು ಕ್ಷಣ ಎಳೆದಂತಾಗುತ್ತದೆ. ಹಾಗಾದರೆ ತಡೆದುಕೊಂಡು ಕೂರಬಾರದು, ನಿಲ್ಲಿಸಲು ಹೇಳಬೇಕು. ಎಳೆದ ಜಾಗದಲ್ಲೇ ಆಮೇಲೆ ಗುಳ್ಳೆ ಏಳುವುದು.

ಕಿವಿಯ ಕೂದಲು, ಹುಬ್ಬು ಚಿಕ್ಕ ಕತ್ತರಿಯಲ್ಲಿ ಮುಗಿಯಿತು. ಪೌಡರ್ ಬೇಡ ಅಂದೆ. ನಾನೇ ಒಯ್ದ ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ ಒತ್ತಿ ಒತ್ತಿ ಕೂದಲು ತೆಗೆದ. ಉಜ್ಜಲಿಲ್ಲ. ಮನೆಗೆ ಬಂದು ಬರೀ ಬೆಚ್ಚಗಿನ ನೀರಲ್ಲಿ ತಲೆ ತೊಳೆದೆ. ನಮ್ಮ ಕಡೆ ಹಂಡೆ ನೀರು ಸುಡುವಷ್ಟು ಬಿಸಿ ಮಾಡುವುದು ರೂಢಿ. ಅದು ವಯಸ್ಸಾದ ಚರ್ಮದ ಇದ್ದ ಜಿಡ್ಡನ್ನೂ ತೆಗೆದು ತುರಿಕೆ ಎಬ್ಬಿಸುತ್ತದೆ. ಆ ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಉರಿ ಇರಲಿಲ್ಲ. ಎರಡು ಮೂರು ದಿನ ಮನೆಯವಳು ಕುತ್ತಿಗೆ ನೋಡಿದಳು, ಗುಳ್ಳೆ ಬರಲಿಲ್ಲ.

ದಿನನಿತ್ಯ ಮಾಡಬೇಕಾದ್ದು ಈಗ ಬಹಳ ಕಡಿಮೆ. ಬೆಳಿಗ್ಗೆ ಬೆರಳಾಡಿಸಿದರೆ ಕೂದಲು ತನ್ನ ಜಾಗಕ್ಕೆ ಬೀಳುತ್ತದೆ. ಕನ್ನಡಿಯೂ ಬೇಡ. ವಾರಕ್ಕೆ ಎರಡು ಸಲ ಸೌಮ್ಯ ಶಾಂಪೂ, ಔಷಧಿ ಶಾಂಪೂ ಈಗ ಎರಡು ವಾರಕ್ಕೊಮ್ಮೆ. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ, ವಯಸ್ಸಾದ ಮೇಲೆ ಇನ್ನೂ ನಿಧಾನ. ಹಾಗಾಗಿ ಎರಡು ತಿಂಗಳವರೆಗೆ ಚಿಂತೆ ಇಲ್ಲ. ಮೊದಲು ಕೆಡುವುದು ಕಿವಿಯ ಮೇಲಿನ ಜಾಗ. ಅಲ್ಲಿ ಕೂದಲು ಕಿವಿಗೆ ತಾಗಿ ಹೊರಕ್ಕೆ ಮಡಚಿಕೊಂಡಾಗ ಅಂಗಡಿಗೆ ಹೋಗುವ ಸಮಯ ಬಂತು ಅಂತ ತಿಳಿದುಕೊಳ್ಳುತ್ತೇನೆ.

ಟೋಪಿಯ ವಿಷಯದಲ್ಲಿ ಮಾತ್ರ ಶಿಸ್ತು ಬೇಕು. ಎಷ್ಟೇ ಚೆನ್ನಾಗಿ ಕತ್ತರಿಸಿದರೂ ತೆಳು ಕೂದಲು ಬಿಸಿಲನ್ನು ತಡೆಯುವುದಿಲ್ಲ. ಕಣಕ್ಕೆ ಹೋಗುವಾಗ ಸುತ್ತಲೂ ಅಂಚಿರುವ ಹತ್ತಿ ಟೋಪಿ ಹಾಕುತ್ತೇನೆ. ಮಳೆಗಾಲದಲ್ಲಿ ಉಣ್ಣೆ ಟೋಪಿಯ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಉಣ್ಣೆ ನೇರ ನೆತ್ತಿಗೆ ತಗುಲಿದರೆ ತುರಿಕೆ. ಎರಡು ಟೋಪಿ ಇಟ್ಟುಕೊಂಡು ಒಂದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ. ಜುಲೈಯಲ್ಲಿ ನಮ್ಮಲ್ಲಿ ಹೊರಗೆ ಏನೂ ಒಣಗುವುದಿಲ್ಲವಲ್ಲ.

ಈ ಕಟಿಂಗ್ ಎಲ್ಲರಿಗೂ ಹೊಂದುವುದಿಲ್ಲ. ಮೇಲೆ ಇಷ್ಟಾದರೂ ಕೂದಲು ಇರಬೇಕು. ನೆತ್ತಿ ಪೂರ್ತಿ ಬೋಳಾಗಿ ಅಲ್ಲೊಂದು ಇಲ್ಲೊಂದು ಎಳೆ ಮಾತ್ರ ಇದ್ದರೆ ಒಂದು ಇಂಚು ಬಿಡುವುದರಲ್ಲಿ ಅರ್ಥವಿಲ್ಲ. ನನ್ನ ಸುಳಿಯ ಸುತ್ತಲೂ ಈಗ ಇನ್ನಷ್ಟು ತೆಳುವಾಗುತ್ತಿದೆ. ಹೋದ ಸಲ ಕೂತಾಗ ಅವನೇ ಈ ಮಾತು ತೆಗೆದ. ಇನ್ನೂ ಕಡಿಮೆಯಾದರೆ ಮೇಲನ್ನೂ ಪಕ್ಕದಷ್ಟೇ, 1 ಸೆಂಟಿಮೀಟರಿಗೆ ಇಳಿಸಿ ಒಂದೇ ಸಮ ಮಾಡೋಣ ಅಂದ. ಆಗಲೂ ಗಾರ್ಡ್ ಹಾಕಿದ ತಣ್ಣನೆಯ ಮಷಿನ್ ಅಥವಾ ಕತ್ತರಿ, ಕುತ್ತಿಗೆಗೆ ಬ್ಲೇಡ್ ಇಲ್ಲ. ನಾನು ಒಪ್ಪಿಕೊಂಡಿದ್ದೇನೆ. ಹುತ್ತರಿಗೆ ಮಗಳು ಮೊಮ್ಮಕ್ಕಳು ಬರುತ್ತಾರೆ, ಅದಕ್ಕಿಂತ ಒಂದು ವಾರ ಮೊದಲು ಹೋಗಿ ನೆತ್ತಿ ನೋಡಿಸಿ ಯಾವುದು ಅಂತ ತೀರ್ಮಾನ ಮಾಡುತ್ತೇವೆ.